ತೊಗರಿ ಔಷಧದ ಕರಪತ್ರ ರೈತನ ಕೈಗೆ ಸರಿಯಾದ ಕನ್ನಡದಲ್ಲಿ ಸಿಗಲಿ: ಕಲಬುರಗಿಯ ಜಂಟಿ ಕೃಷಿ ನಿರ್ದೇಶಕರಿಗೆ ಬಹಿರಂಗ ಪತ್ರ

ಗೆ,
ಮಾನ್ಯ ಜಂಟಿ ಕೃಷಿ ನಿರ್ದೇಶಕರು, ಕಲಬುರಗಿ ಜಿಲ್ಲೆ, ಹಾಗೂ ಜಿಲ್ಲೆಯ ಎಲ್ಲ ಪೀಡೆನಾಶಕ ಮತ್ತು ರಸಗೊಬ್ಬರ ಮಾರಾಟಗಾರರಿಗೆ

ಮಾನ್ಯರೇ,

ನಾನು ಆಳಂದ ತಾಲ್ಲೂಕಿನ ತೊಗರಿ ಬೆಳೆಯುವ ಮನೆತನದವಳು, ಕೃಷಿ ಪದವಿ ಓದಿದವಳು. ನಮ್ಮೂರಿನ ಮತ್ತು ಸುತ್ತಲಿನ ಹಳ್ಳಿಗಳ ರೈತರು ಔಷಧದ ಬಾಟಲಿ, ಅದರೊಳಗಿನ ಕರಪತ್ರ, ಗೊಬ್ಬರದ ಚೀಲ ಇವುಗಳ ಫೋಟೋ ತೆಗೆದು ನನಗೆ ಕಳಿಸುತ್ತಾರೆ. ಅದರಲ್ಲಿ ಬರೆದಿರುವ ಪ್ರಮಾಣ ಮತ್ತು ಎಚ್ಚರಿಕೆಗಳನ್ನು ನಾನು ಕನ್ನಡದಲ್ಲಿ ಬರೆದು ಕಳಿಸುತ್ತೇನೆ. ತೊಗರಿ ಹೂ ಬಿಡುವ ಅಕ್ಟೋಬರ್‌ನಿಂದ ಕಾಯಿ ಬಲಿಯುವ ಡಿಸೆಂಬರ್‌ವರೆಗೆ ಈ ಫೋಟೋಗಳು ಹೆಚ್ಚಾಗಿ ಬರುತ್ತವೆ. "ಅಕ್ಕಾರ, ಪಂಪಿಗಿ ಎಷ್ಟ್ ಹಾಕಬೇಕು ಅಷ್ಟ ಹೇಳ್ರಿ" ಎಂಬ ಮಾತು ಪ್ರತಿ ಫೋಟೋದ ಕೆಳಗೂ ಇರುತ್ತದೆ. ಆ ಒಂದು ಪ್ರಶ್ನೆಗೆ ಸರಿಯಾದ ಉತ್ತರ ಕೊಡಲು ಏನೇನು ನೋಡಬೇಕಾಗುತ್ತದೆ, ಎಲ್ಲಿ ತಪ್ಪುತ್ತದೆ, ಅದನ್ನು ತಪ್ಪಿಸಲು ಇಲಾಖೆ ಮತ್ತು ಅಂಗಡಿಗಳು ಏನು ಮಾಡಬಹುದು ಎಂಬುದನ್ನು ತಮ್ಮ ಗಮನಕ್ಕೆ ತರುವ ಸಲುವಾಗಿ ಈ ಪತ್ರ.

ಕನ್ನಡದಲ್ಲಿ ಮಾಹಿತಿ ಇರಬೇಕೆಂಬುದು ಹೊಸ ಬೇಡಿಕೆಯಲ್ಲ. 1968ರ ಕೀಟನಾಶಕ ಕಾಯ್ದೆಯಡಿ ರೂಪಿಸಿದ 1971ರ ನಿಯಮಗಳು ಲೇಬಲ್ ಮತ್ತು ಕರಪತ್ರ ಎರಡೂ ಹಿಂದಿ, ಇಂಗ್ಲಿಷ್ ಹಾಗೂ ಮಾರಾಟವಾಗುವ ಪ್ರದೇಶದ ಒಂದೆರಡು ಭಾಷೆಗಳಲ್ಲಿ ಅಚ್ಚಾಗಿರಬೇಕೆಂದು ಹೇಳುತ್ತವೆ. ವಿಷದ ಲಕ್ಷಣ, ಪ್ರಥಮ ಚಿಕಿತ್ಸೆ, ಪ್ರತಿವಿಷ, ಖಾಲಿ ಡಬ್ಬಿಯ ವಿಲೇವಾರಿ ಇವೆಲ್ಲ ಕರಪತ್ರದಲ್ಲಿ ಇರಲೇಬೇಕು. ಆದರೆ ನಮ್ಮದು ಗಡಿ ಜಿಲ್ಲೆ. ಆಳಂದದ ರೈತ ಉಮರ್ಗಾಕ್ಕೆ ಸಂತೆಗೆ ಹೋದಾಗ ಅಲ್ಲಿಂದಲೇ ಔಷಧ ತರುತ್ತಾನೆ, ಸೇಡಂ ಮತ್ತು ಚಿಂಚೋಳಿ ಕಡೆಯವರು ತಾಂಡೂರಿನಿಂದ ತರುತ್ತಾರೆ. ಆ ಬಾಟಲಿಗಳ ಮೇಲೆ ಮರಾಠಿ ಅಥವಾ ತೆಲುಗು ಇರುವುದು ನಿಯಮದ ಪ್ರಕಾರ ಸರಿಯೇ. ಅದರಲ್ಲಿ ಯಾರ ತಪ್ಪೂ ಇಲ್ಲ. ಕನ್ನಡವಿರುವ ಕರಪತ್ರದಲ್ಲಿಯೂ ಹಲವು ಭಾಷೆಗಳನ್ನು ಒಂದೇ ಹಾಳೆಯಲ್ಲಿ ತುಂಬಿರುವುದರಿಂದ ಅಕ್ಷರಗಳು ಎಷ್ಟು ಚಿಕ್ಕದಾಗಿರುತ್ತವೆಂದರೆ ಸಂಜೆಯ ಬೆಳಕಿನಲ್ಲಿ ಐವತ್ತು ದಾಟಿದವರು ಓದಲಾರರು. ಹೀಗಾಗಿ ಫೋಟೋ ತೆಗೆದು ದೊಡ್ಡದು ಮಾಡಿ ನೋಡುವುದು, ನೋಡಿಯೂ ತಿಳಿಯದಿದ್ದರೆ ಇನ್ನೊಬ್ಬರಿಗೆ ಕಳಿಸುವುದು ಈಗ ಹಳ್ಳಿಗಳಲ್ಲಿ ರೂಢಿಯಾಗಿದೆ.

ಒಂದೇ ಒಂದು ಉದಾಹರಣೆಯನ್ನು ಪೂರ್ತಿಯಾಗಿ ಬಿಡಿಸಿ ಹೇಳುತ್ತೇನೆ. ತೊಗರಿಯ ಕಾಯಿಕೊರಕ ಹುಳುವಿಗೆ, ಅಂದರೆ ನಮ್ಮವರು ಕೀಡಿ ಎನ್ನುವ ಹುಳುವಿಗೆ, ನಮ್ಮ ಕಡೆ ಬಹಳವಾಗಿ ಬಳಸುವ ಔಷಧಗಳಲ್ಲಿ ಕ್ಲೋರಾಂಟ್ರಾನಿಲಿಪ್ರೋಲ್ 18.5% ಎಸ್.ಸಿ. ಒಂದು. ಇದರ ಕರಪತ್ರದಲ್ಲಿ ಒಂದು ಕೋಷ್ಟಕ ಇರುತ್ತದೆ. ತೊಗರಿಯ ಸಾಲಿನಲ್ಲಿ ಬೆಳೆ ಮತ್ತು ಹುಳುವಿನ ಹೆಸರಾದ ಮೇಲೆ ನಾಲ್ಕು ಅಂಕಿಗಳು ಬರುತ್ತವೆ: 30, 150, 500ರಿಂದ 750, ಮತ್ತು 29. ಫೋಟೋ ಕಳಿಸುವಾಗ ರೈತರು ಸಾಮಾನ್ಯವಾಗಿ ತೊಗರಿಯ ಸಾಲಿನ ಮೇಲಷ್ಟೇ ಕ್ಯಾಮೆರಾ ಹಿಡಿಯುತ್ತಾರೆ. ಹಾಗಾದಾಗ ಯಾವ ಅಂಕಿ ಏನನ್ನು ಹೇಳುತ್ತದೆ ಎಂಬುದನ್ನು ತಿಳಿಸುವ ತಲೆಬರಹ ಫೋಟೋದಿಂದ ಹೊರಗೆ ಉಳಿಯುತ್ತದೆ.

ಆ ತಲೆಬರಹ ಹೇಳುವುದು ಇಷ್ಟು. ಮೊದಲನೆಯ 30 ಎಂಬುದು ಒಂದು ಹೆಕ್ಟೇರಿಗೆ ಬೇಕಾದ ಶುದ್ಧ ವಿಷಾಂಶದ ತೂಕ, ಗ್ರಾಂಗಳಲ್ಲಿ. ಅದು ನೋಂದಣಿ ಮಾಡುವವರ, ವಿಜ್ಞಾನಿಗಳ ಲೆಕ್ಕ. ರೈತ ಅಳೆದು ಸುರಿಯುವಂಥದ್ದಲ್ಲ. ಎರಡನೆಯ 150 ಎಂಬುದು ಬಾಟಲಿಯಿಂದ ಅಳೆದು ತೆಗೆಯಬೇಕಾದ ದ್ರವ, ಮಿಲಿಲೀಟರುಗಳಲ್ಲಿ, ಅದೂ ಹೆಕ್ಟೇರಿಗೆ. ಮೂರನೆಯದು ಹೆಕ್ಟೇರಿಗೆ ಬೇಕಾದ ನೀರು, ಲೀಟರುಗಳಲ್ಲಿ. ಕೊನೆಯ 29 ಎಂಬುದು ಕೊನೆಯ ಸಿಂಪರಣೆಗೂ ಕೊಯ್ಲಿಗೂ ನಡುವೆ ಬಿಡಬೇಕಾದ ದಿನಗಳು.

ತಲೆಬರಹ ಇಲ್ಲದ ಫೋಟೋ ನೋಡಿ ಅನುವಾದ ಮಾಡಿದರೆ ಎರಡು ರೀತಿಯಲ್ಲಿ ಎಡವಟ್ಟಾಗುತ್ತದೆ. 30 ಎಂಬುದನ್ನು ಮಿಲಿಲೀಟರ್ ಎಂದು ತಿಳಿದು ಎಕರೆಗೆ 30 ಹಾಕಿದರೆ ಔಷಧ ಅರ್ಧದಷ್ಟೇ ಬೀಳುತ್ತದೆ. ದೊಡ್ಡ ಹುಳು ಸಾಯದೆ ಉಳಿಯುತ್ತದೆ, ವಾರ ಕಳೆಯುವಷ್ಟರಲ್ಲಿ ಕಾಯಿಗೆ ಗುಂಡನೆಯ ತೂತು ಬಿದ್ದಿರುತ್ತದೆ, ರೈತ "ಔಷಧ ಡೂಪ್ಲಿಕೇಟ್ ಅದ" ಎಂದುಕೊಂಡು ಇನ್ನೊಂದನ್ನು ತರುತ್ತಾನೆ. 150 ಎಂಬುದನ್ನು ಎಕರೆಗೆ ಎಂದು ತಿಳಿದರೆ ಬೇಕಾದ್ದಕ್ಕಿಂತ ಎರಡೂವರೆ ಪಟ್ಟು ಬೀಳುತ್ತದೆ, ಹಣವೂ ಎರಡೂವರೆ ಪಟ್ಟು ಹೋಗುತ್ತದೆ, ಮತ್ತು ಕಾಯಿಯಲ್ಲಿ ಉಳಿಯುವ ಅಂಶಕ್ಕೆ 29 ದಿನ ಸಾಕಾಗುತ್ತದೆ ಎಂಬ ಭರವಸೆಯೂ ಇರುವುದಿಲ್ಲ, ಏಕೆಂದರೆ ಆ ದಿನಗಳನ್ನು ಹೇಳಿರುವುದು ಹೆಕ್ಟೇರಿಗೆ 150 ಮಿ.ಲೀ. ಎಂಬ ಪ್ರಮಾಣಕ್ಕೆ ಮಾತ್ರ.

ಸರಿಯಾದ ಲೆಕ್ಕ ಹೀಗೆ. ಒಂದು ಹೆಕ್ಟೇರ್ ಎಂದರೆ ಸುಮಾರು ಎರಡೂವರೆ ಎಕರೆ. 150ನ್ನು ಎರಡೂವರೆಯಿಂದ ಭಾಗಿಸಿದರೆ ಎಕರೆಗೆ 60 ಮಿ.ಲೀ. ಬರುತ್ತದೆ. ಈ ಔಷಧ 60 ಮಿ.ಲೀ. ಬಾಟಲಿಯಲ್ಲಿ ಮಾರಾಟಕ್ಕೆ ಬರುವುದೂ ಈ ಕಾರಣಕ್ಕೇ. ನೀರು ಎಕರೆಗೆ 200ರಿಂದ 300 ಲೀಟರ್. ನಮ್ಮಲ್ಲಿ ಬೆನ್ನಿಗೆ ಹಾಕಿಕೊಳ್ಳುವ ಪಂಪ್ ಸಾಮಾನ್ಯವಾಗಿ 16 ಲೀಟರಿನದು, ಆದ್ದರಿಂದ 200 ಲೀಟರ್ ಎಂದರೆ ಹನ್ನೆರಡೂವರೆ ಪಂಪು, ಪಂಪಿಗೆ ಹತ್ತಿರ ಹತ್ತಿರ 5 ಮಿ.ಲೀ. ಔಷಧ. ನೀರು 300 ಲೀಟರ್ ಆದರೆ ಪಂಪುಗಳ ಸಂಖ್ಯೆ ಹತ್ತೊಂಬತ್ತಕ್ಕೆ ಏರುತ್ತದೆ, ಪಂಪಿಗೆ 3 ಮಿ.ಲೀ.ಗಿಂತ ಸ್ವಲ್ಪ ಹೆಚ್ಚು ಸಾಕು. ಅಂದರೆ "ಪಂಪಿಗೆ ಎಷ್ಟು" ಎಂಬ ಪ್ರಶ್ನೆಗೆ, "ನಿಮ್ಮ ಎಕರೆಗೆ ಎಷ್ಟು ಪಂಪು ಹಿಡಿಯುತ್ತದೆ" ಎಂದು ಕೇಳದೆ ಉತ್ತರ ಹೇಳಲು ಬರುವುದಿಲ್ಲ.

ಇಲ್ಲಿಯೇ ನಮ್ಮ ಒಣಬೇಸಾಯದ ಹೊಲಗಳ ಸಮಸ್ಯೆ ಇರುವುದು. ನೀರನ್ನು ಬ್ಯಾರಲ್‌ನಲ್ಲಿ ಎತ್ತಿನ ಬಂಡಿಯ ಮೇಲೋ ಟ್ರ್ಯಾಕ್ಟರಿನಲ್ಲೋ ದೂರದಿಂದ ತರಬೇಕು. ಹಾಗಾಗಿ ಎಷ್ಟೋ ಜನ ಎಕರೆಯನ್ನು ಎಂಟು ಪಂಪಿನಲ್ಲಿ ಮುಗಿಸುತ್ತಾರೆ. ಅಂಗಡಿಯವರು ಹೇಳಿದಂತೆ ಪಂಪಿಗೆ 5 ಮಿ.ಲೀ. ಹಾಕಿ ಎಂಟೇ ಪಂಪು ಹೊಡೆದರೆ ಎಕರೆಗೆ ಬಿದ್ದದ್ದು 40 ಮಿ.ಲೀ., ಅಂದರೆ ಮೂರನೇ ಒಂದು ಪಾಲು ಕಡಿಮೆ. ಬಾಟಲಿಯಲ್ಲಿ 20 ಮಿ.ಲೀ. ಉಳಿದಿರುವುದನ್ನು ಕಂಡು ಉಳಿತಾಯವಾಯಿತೆಂದು ರೈತ ತಿಳಿಯುತ್ತಾನೆ. ಎಕರೆ ಮುಗಿದಾಗ ಬಾಟಲಿಯಲ್ಲಿ ಔಷಧ ಉಳಿದಿದ್ದರೆ ಪ್ರಮಾಣ ಕಡಿಮೆಯಾಗಿದೆ ಎಂದೇ ಅರ್ಥ. ಎಕರೆ ಮುಗಿಯುವ ಮೊದಲೇ ಬಾಟಲಿ ಖಾಲಿಯಾದರೆ ಹೆಚ್ಚಾಗಿದೆ ಎಂದರ್ಥ. ಹೊಲದಲ್ಲಿ ನಿಂತು ಯಾರು ಬೇಕಾದರೂ ನೋಡಬಹುದಾದ ಗುರುತು ಇದು, ನಾನು ಪ್ರತಿ ಅನುವಾದದಲ್ಲಿಯೂ ಇದನ್ನು ಬರೆಯುತ್ತೇನೆ. ಎಂಟು ಪಂಪಿಗೆ ಔಷಧವನ್ನು ಹಂಚಿ ಹಾಕಿ ಎಂದು ಮಾತ್ರ ನಾನು ಬರೆಯುವುದಿಲ್ಲ, ಏಕೆಂದರೆ ಕರಪತ್ರ ಅಷ್ಟು ಕಡಿಮೆ ನೀರನ್ನು ಹೇಳಿಲ್ಲ, ದಟ್ಟವಾಗಿ ಬೆಳೆದ ತೊಗರಿಯ ಒಳಗಿನ ಹೂಗೊಂಚಲಿಗೆ ಅಷ್ಟು ನೀರು ಮುಟ್ಟುವುದೂ ಇಲ್ಲ.

ಬಾಟಲಿಯ ಮುಚ್ಚಳದಿಂದ ಅಳೆಯುವುದು ಇನ್ನೊಂದು ತೊಂದರೆ. ಒಂದೊಂದು ಕಂಪನಿಯ ಮುಚ್ಚಳ ಒಂದೊಂದು ಅಳತೆಯದು. 5 ಮಿ.ಲೀ. ಅಳೆಯಲು ಗುರುತುಗಳಿರುವ ಅಳತೆ ಲೋಟವೇ ಬೇಕು. ಅದು ಇಲ್ಲದಿದ್ದರೆ ನಾನು ಹೇಳುವ ಕ್ರಮ ಇದು: ಬಾಟಲಿಯನ್ನು ಚೆನ್ನಾಗಿ ಅಲ್ಲಾಡಿಸಿ, ಏಕೆಂದರೆ ಎಸ್.ಸಿ. ಎಂದು ಬರೆದಿರುವ ಔಷಧದಲ್ಲಿ ವಿಷಾಂಶ ನೀರಿನಲ್ಲಿ ಕರಗಿರುವುದಿಲ್ಲ, ಸಣ್ಣ ಪುಡಿಯಾಗಿ ತೇಲುತ್ತಿರುತ್ತದೆ, ಇಟ್ಟಲ್ಲೇ ಇದ್ದರೆ ತಳ ಸೇರುತ್ತದೆ, 60 ಮಿ.ಲೀ.ಯ ಇಡೀ ಬಾಟಲಿಯನ್ನು ಬಕೆಟ್ಟಿಗೆ ಸುರಿದು, ಬಾಟಲಿಯನ್ನು ತೊಳೆದ ನೀರನ್ನೂ ಅದಕ್ಕೇ ಹಾಕಿ, ಒಟ್ಟು 6 ಲೀಟರ್ ಆಗುವಷ್ಟು ನೀರು ಸೇರಿಸಿ. ಪ್ರತಿ ಸಲ ಕೋಲಿನಿಂದ ಕಲಕಿ ಪಂಪಿಗೆ ಅರ್ಧ ಲೀಟರಿನಂತೆ ಹನ್ನೆರಡು ಪಂಪಿಗೆ ಹಾಕಿ. ಅರ್ಧ ಲೀಟರಿನ ಅಳತೆ ಎಲ್ಲರ ಮನೆಯಲ್ಲೂ ಸಿಗುತ್ತದೆ, ಆದರೆ ಹಾಗೆ ಬಳಸಿದ ಡಬ್ಬಿಯನ್ನು ಮತ್ತೆ ಅಡುಗೆ ಮನೆಗೆ ತರಬಾರದು. ಈ ಕ್ರಮ ಕರಪತ್ರದಲ್ಲಿ ಇಲ್ಲ, ಇದು ನನ್ನ ವಿವರಣೆ. ಆದ್ದರಿಂದ ನಾನು ಕಳಿಸುವ ಬರಹದಲ್ಲಿ ಕರಪತ್ರದ ಮಾತನ್ನು ಮೇಲೆ, ನನ್ನ ವಿವರಣೆಯನ್ನು ಗೆರೆ ಎಳೆದು ಕೆಳಗೆ ಬರೆಯುತ್ತೇನೆ. ಇವೆರಡನ್ನು ಬೆರೆಸುವುದು ಅನುವಾದಕರಿಗೆ ಸಲ್ಲದ ಕೆಲಸ, ಏಕೆಂದರೆ ಬೆರೆಸಿದ ಮೇಲೆ ಯಾವುದು ಕಾನೂನಿನ ಪ್ರಕಾರ ನೋಂದಾಯಿಸಿದ ಪ್ರಮಾಣ, ಯಾವುದು ಹಳ್ಳಿಯ ಸಲಹೆ ಎಂದು ಓದಿದವರಿಗೆ ತಿಳಿಯುವುದಿಲ್ಲ.

ಫೋಟೋ ಮಸುಕಾಗಿದ್ದಾಗ 18.5ರ ಚುಕ್ಕೆ ಕಾಣದೆ 185 ಎಂದು ಓದಿಸಿಕೊಳ್ಳುತ್ತದೆ, 150 ಒಮ್ಮೊಮ್ಮೆ 180ರಂತೆ ಕಾಣುತ್ತದೆ. ಇದನ್ನು ಪರೀಕ್ಷಿಸಲು ಕೋಷ್ಟಕದ ಒಳಗೇ ದಾರಿ ಇದೆ. ಔಷಧದ ನೂರು ಗ್ರಾಂನಲ್ಲಿ 18.5 ಗ್ರಾಂ ವಿಷಾಂಶ. ಈ ದ್ರವ ನೀರಿಗಿಂತ ಸ್ವಲ್ಪ ಭಾರ, 150 ಮಿ.ಲೀ. ತೂಗಿದರೆ 160 ಗ್ರಾಂಗಿಂತ ತುಸು ಹೆಚ್ಚಾಗುತ್ತದೆ. ಅದರಲ್ಲಿ ಶೇಕಡಾ 18.5 ಎಂದರೆ 30 ಗ್ರಾಂ. ಮೊದಲ ಅಂಕಿಗೂ ಎರಡನೆಯದಕ್ಕೂ ಹೀಗೆ ತಾಳೆಯಾದರೆ ಓದಿದ್ದು ಸರಿ. ತಾಳೆಯಾಗದಿದ್ದರೆ ಅಂದಾಜು ಮಾಡಬಾರದು, ಇನ್ನೊಂದು ಫೋಟೋ ಕೇಳಬೇಕು. ಅದೇ ಕೋಷ್ಟಕದಲ್ಲಿ ಕಡಲೆಯ ಸಾಲೂ ಇರುತ್ತದೆ, ಅಲ್ಲಿ ಹೆಕ್ಟೇರಿಗೆ 125 ಮಿ.ಲೀ. ಮತ್ತು ಕಾಯಬೇಕಾದ ದಿನ 11. ಮಡಿಸಿದ ಕಾಗದದ ಫೋಟೋದಲ್ಲಿ ಕಣ್ಣು ಆ ಸಾಲಿಗೆ ಜಾರಿದರೆ ತೊಗರಿಯ ರೈತನಿಗೆ 29ರ ಬದಲು 11 ದಿನ ಎಂದು ಹೇಳಿದಂತಾಗುತ್ತದೆ.

ಆ 29 ದಿನಗಳ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಕರಪತ್ರದ ಕನ್ನಡದಲ್ಲಿ ಇದಕ್ಕೆ "ಕಾಯುವ ಅವಧಿ" ಎಂದೋ "ನಿರೀಕ್ಷಣಾ ಅವಧಿ" ಎಂದೋ ಬರೆದಿರುತ್ತಾರೆ. ಯಾರು ಕಾಯಬೇಕು, ಯಾವುದಕ್ಕಾಗಿ ಕಾಯಬೇಕು ಎಂಬುದು ಅದರಿಂದ ತಿಳಿಯುವುದಿಲ್ಲ. ಕೆಲವರು ಇದನ್ನು ಒಂದು ಸಿಂಪರಣೆಯಿಂದ ಇನ್ನೊಂದು ಸಿಂಪರಣೆಗೆ ಬಿಡಬೇಕಾದ ದಿನಗಳೆಂದು ತಿಳಿಯುತ್ತಾರೆ. ಕೊಯ್ಲಿಗೆ ಸಂಬಂಧಿಸಿದ್ದೆಂದು ತಿಳಿದವರೂ ಕೊಯ್ಲು ಎಂದರೆ ರಾಶಿ ಎಂದೇ ಭಾವಿಸುತ್ತಾರೆ. ರಾಶಿ ಇನ್ನೂ ಒಂದೂವರೆ ತಿಂಗಳು ದೂರ ಇದೆ, ಚಿಂತೆಯಿಲ್ಲ ಎನ್ನುತ್ತಾರೆ. ಆದರೆ ನಮ್ಮ ಭಾಗದಲ್ಲಿ ತೊಗರಿಯನ್ನು ತಿನ್ನುವುದು ರಾಶಿಯಾದ ಮೇಲಷ್ಟೇ ಅಲ್ಲ. ಹಸಿ ತೊಗರಿಕಾಯಿಯನ್ನು ಉಪ್ಪು ಹಾಕಿ ಕುದಿಸಿ ತಿನ್ನುತ್ತೇವೆ, ಮಕ್ಕಳು ಬದುವಿನ ಮೇಲೆ ನಡೆಯುತ್ತಲೇ ಕಿತ್ತು ತಿನ್ನುತ್ತಾರೆ. ಎಳ್ಳ ಅಮಾವಾಸ್ಯೆಗೆ ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ ಚರಗ ಚೆಲ್ಲಿ ಊಟ ಮಾಡುವಾಗ, ಸಜ್ಜೆ ರೊಟ್ಟಿಯ ಜೊತೆಗಿನ ಭಜ್ಜಿಗೆ ಹಸಿ ತೊಗರಿಕಾಳು ಬೇಕೇ ಬೇಕು. ಆ ಹಬ್ಬ ಬರುವುದು ಡಿಸೆಂಬರ್ ಕೊನೆಯಲ್ಲಿ ಅಥವಾ ಅದರ ಆಚೀಚೆ. ಡಿಸೆಂಬರ್ ಮೊದಲ ವಾರದಲ್ಲಿ ಕಾಯಿಗೆ ಔಷಧ ಹೊಡೆದ ಹೊಲದಲ್ಲಿ ಎಷ್ಟೋ ವರ್ಷ ಆ ಹೊತ್ತಿಗೆ 29 ದಿನ ಮುಗಿದಿರುವುದಿಲ್ಲ. ಅಂಥ ಹೊಲದ ಕಾಳು ಅದೇ ದಿನ ನೆಂಟರು, ಮಕ್ಕಳು, ಬಸುರಿಯರು ಎಲ್ಲರ ತಾಟಿಗೆ ಬರುತ್ತದೆ.

ಆದ್ದರಿಂದ ನಾನು ಆ ಅಂಕಿಯನ್ನು ಪೂರ್ಣ ವಾಕ್ಯವಾಗಿ ಬರೆಯುತ್ತೇನೆ: "ಕೊನೆಯ ಸಲ ಸಿಂಪಡಿಸಿದ ದಿನದಿಂದ 29 ದಿನ ಮುಗಿಯುವ ತನಕ ಈ ಹೊಲದ ತೊಗರಿಯನ್ನು ಹಸಿಕಾಯಿಯಾಗಿ ಕೀಳಬಾರದು, ಕೊಯ್ಲನ್ನೂ ಮಾಡಬಾರದು." ಅದರ ಕೆಳಗೆ ಸಿಂಪಡಿಸಿದ ತಾರೀಕು ಕೇಳಿ, 29 ದಿನ ಮುಗಿಯುವ ತಾರೀಕನ್ನೇ ಬರೆದು ಕೊಡುತ್ತೇನೆ. ಭಜ್ಜಿಗೆ ಬೇಕಾದ ಕಾಯಿಗಾಗಿ ಬದುವಿನ ಪಕ್ಕದ ಕೆಲವು ಸಾಲುಗಳನ್ನು ಸಿಂಪಡಿಸದೆ ಬಿಡುವವರು ನಮ್ಮೂರಲ್ಲಿ ಈಗ ಇದ್ದಾರೆ. ಗಾಳಿಯಲ್ಲಿ ಔಷಧ ಹಾರಿ ಆ ಸಾಲುಗಳ ಮೇಲೂ ಬೀಳುವುದುಂಟು, ಹೀಗಾಗಿ ಗಾಳಿ ಬರುವ ಕಡೆಯ ಬದುವನ್ನೇ ಆರಿಸಿಕೊಳ್ಳಬೇಕು. ಕಡಲೆಗೆ ಇದೇ ಔಷಧ ಹೊಡೆದವರು 11 ದಿನ ಕಡಲೆ ಸೊಪ್ಪನ್ನು ಪಲ್ಯಕ್ಕೆ ಚಿವುಟಬಾರದು ಎಂಬುದನ್ನೂ ಬರೆಯಬೇಕಾಗುತ್ತದೆ. ಇದನ್ನು ಎಲ್ಲೋ ದೂರದಲ್ಲಿ ಕೂತು ಕರಪತ್ರ ಸಿದ್ಧಪಡಿಸುವವರು ಊಹಿಸಲಾರರು, ನಾವೇ ಹೇಳಬೇಕು.

ಸುರಕ್ಷತೆಯ ಮಾತಿಗೆ ಬರುತ್ತೇನೆ. ಬಾಟಲಿಯ ಮೇಲೆ ಓರೆಯಾಗಿ ನಿಂತ ಚೌಕವೊಂದಿರುತ್ತದೆ, ಅದರ ಕೆಳಗಿನ ತ್ರಿಕೋನ ಕೆಂಪು, ಹಳದಿ, ನೀಲಿ ಅಥವಾ ಹಸಿರು ಬಣ್ಣದ್ದಾಗಿರುತ್ತದೆ. ಕೆಂಪು ಅತ್ಯಂತ ವಿಷ, ಹಳದಿ ಹೆಚ್ಚು ವಿಷ, ನೀಲಿ ಮಧ್ಯಮ, ಹಸಿರು ಅಲ್ಪ ವಿಷ. ಕ್ಲೋರಾಂಟ್ರಾನಿಲಿಪ್ರೋಲ್ ಹಸಿರು ಗುರುತಿನದು. "ಹಸಿರು ಗುರುತಿಂದು ಅದ, ಏನೂ ಆಗಂಗಿಲ್ಲ" ಎಂದು ಅಂಗಡಿಗಳಲ್ಲಿ ಹೇಳುವುದನ್ನು ಕೇಳಿದ್ದೇನೆ. ಆ ಬಣ್ಣ ಹೇಳುವುದು ಒಮ್ಮೆಲೇ ಹೊಟ್ಟೆಗೆ ಅಥವಾ ಮೈಗೆ ಹೋದರೆ ಆಗುವ ವಿಷದ ತೀವ್ರತೆಯನ್ನು ಮಾತ್ರ. ಕಾಯಿಯ ಮೇಲೆ ಎಷ್ಟು ದಿನ ಉಳಿಯುತ್ತದೆ ಎಂಬುದನ್ನಾಗಲಿ, ಮೀನಿಗೆ, ಜೇನಿಗೆ ಏನಾಗುತ್ತದೆ ಎಂಬುದನ್ನಾಗಲಿ ಅಲ್ಲ. ಲೇಬಲ್ ಮೇಲೆ "ಸುರಕ್ಷಿತ", "ಅಪಾಯವಿಲ್ಲ" ಎಂದು ಅಚ್ಚು ಹಾಕುವುದನ್ನು ನಿಯಮಗಳೇ ನಿಷೇಧಿಸಿವೆ. ಲೇಬಲ್ ಮೇಲೆ ಬರೆಯಬಾರದ ಮಾತನ್ನು ಗಲ್ಲೆಯ ಮೇಲೆ ಕೂತು ಹೇಳುವುದೂ ನಿಲ್ಲಬೇಕೆಂದು ಮಾರಾಟಗಾರ ಬಂಧುಗಳಲ್ಲಿ ಕೇಳಿಕೊಳ್ಳುತ್ತೇನೆ.

"ಗಾಳಿಗೆ ಎದುರಾಗಿ ಸಿಂಪಡಿಸಬೇಡಿ" ಎಂಬ ಸೂಚನೆ ಎಲ್ಲ ಕರಪತ್ರಗಳಲ್ಲಿಯೂ ಇದೆ. ತೊಗರಿಯ ಹೊಲದಲ್ಲಿ ಇದರ ಅರ್ಥ ಬೇರೆ ಬೆಳೆಗಿಂತ ಗಂಭೀರವಾದದ್ದು. ಹೂ ಬಿಡುವ ಹೊತ್ತಿಗೆ ಗಿಡ ಎದೆ ಮಟ್ಟ, ಕೆಲವೆಡೆ ತಲೆ ಮಟ್ಟ ಬೆಳೆದಿರುತ್ತದೆ. ಹೊಡೆಯುವವನು ಗನ್ ಅನ್ನು ಮೇಲಕ್ಕೆ ಎತ್ತಿ ಹಿಡಿಯುತ್ತಾನೆ, ಹನಿಗಳು ಮುಖಕ್ಕೇ ಬರುತ್ತವೆ, ಹಸಿಯಾದ ಎಲೆಗಳ ನಡುವೆಯೇ ಮುಂದೆ ನಡೆದರೆ ಅಂಗಿ ಪೂರ್ತಿ ತೋಯುತ್ತದೆ. ಆದ್ದರಿಂದ ಗಾಳಿ ಬೆನ್ನಿಗಿರುವಂತೆ ನಿಂತು, ಒದ್ದೆಯಾದ ಸಾಲನ್ನು ಬಿಟ್ಟು ಹಿಂದಕ್ಕೆ ಹಿಂದಕ್ಕೆ ಸರಿಯುತ್ತ ಅಥವಾ ಪಕ್ಕದ ಒಣ ಸಾಲಿನಲ್ಲಿ ನಡೆಯುತ್ತ ಹೊಡೆಯಬೇಕೆಂದು ಬಿಡಿಸಿ ಬರೆಯದಿದ್ದರೆ ಆ ಒಂದು ಸಾಲಿನ ಸೂಚನೆ ಉಪಯೋಗಕ್ಕೆ ಬರುವುದಿಲ್ಲ.

ಪ್ರತಿವಿಷದ ಸಾಲು ಎಲ್ಲಕ್ಕಿಂತ ಎಚ್ಚರದಿಂದ ಬರೆಯಬೇಕಾದದ್ದು. ಈ ಔಷಧದ ಕರಪತ್ರದಲ್ಲಿ ನಿರ್ದಿಷ್ಟ ಪ್ರತಿವಿಷ ಇಲ್ಲ, ಲಕ್ಷಣಗಳಿಗೆ ಅನುಗುಣವಾಗಿ ಚಿಕಿತ್ಸೆ ಕೊಡಬೇಕು ಎಂದಿರುತ್ತದೆ. ಅದನ್ನು "ಇದಕ್ಕೆ ಮದ್ದಿಲ್ಲ" ಎಂದು ಚುಟುಕಾಗಿ ಬರೆದರೆ ಗಾಬರಿಯಲ್ಲಿರುವ ಮನೆಯವರು ಆಸ್ಪತ್ರೆಗೆ ಒಯ್ದು ಪ್ರಯೋಜನವಿಲ್ಲವೆಂದು ತಿಳಿಯಬಹುದು. ನಾನು ಬರೆಯುವುದು ಹೀಗೆ: "ಈ ವಿಷಕ್ಕೆಂದೇ ಬೇರೆಯಾದ ಇಂಜೆಕ್ಷನ್ ಇಲ್ಲ, ಆದರೆ ಡಾಕ್ಟರು ಲಕ್ಷಣ ನೋಡಿ ಚಿಕಿತ್ಸೆ ಮಾಡುತ್ತಾರೆ, ಕೂಡಲೇ 108ಕ್ಕೆ ಕರೆ ಮಾಡಿ, ಬಾಟಲಿಯನ್ನೂ ಕರಪತ್ರವನ್ನೂ ಜೊತೆಗೆ ಒಯ್ಯಿರಿ." ಪ್ರೊಫೆನೊಫಾಸ್‌ನಂತಹ ಹಳದಿ ಗುರುತಿನ ಔಷಧಗಳಲ್ಲಿ ಅಟ್ರೋಪಿನ್ ಎಂಬ ಪ್ರತಿವಿಷದ ಹೆಸರು ಮತ್ತು ಪ್ರಮಾಣ ಇರುತ್ತದೆ. ಅದು ವೈದ್ಯರಿಗಾಗಿ ಬರೆದದ್ದು. ಅದನ್ನು ಅನುವಾದಿಸುವಾಗ "ವೈದ್ಯರಿಗೆ ಮಾತ್ರ" ಎಂದು ಮೊದಲು ಬರೆದು, ಔಷಧದ ರಾಸಾಯನಿಕ ಹೆಸರನ್ನು ಬಾಟಲಿಯ ಮೇಲಿರುವ ಇಂಗ್ಲಿಷ್ ಅಕ್ಷರಗಳಲ್ಲಿಯೂ ಉಳಿಸಬೇಕು, ಏಕೆಂದರೆ ರಾತ್ರಿ ಪಾಳಿಯ ಡಾಕ್ಟರು ಹುಡುಕುವುದು ಆ ಹೆಸರನ್ನೇ. ವಾಂತಿ ಮಾಡಿಸಬೇಕೇ ಬೇಡವೇ ಎಂಬ ಸೂಚನೆ ಔಷಧದಿಂದ ಔಷಧಕ್ಕೆ ಬೇರೆಯಾಗಿರುತ್ತದೆ. ಫೋಟೋದಲ್ಲಿ ಆ ಸಾಲು ಸ್ಪಷ್ಟವಿಲ್ಲದಿದ್ದರೆ ನೆನಪಿನಿಂದ ಬರೆಯಲೇಬಾರದು.

ಗೊಬ್ಬರದ ಚೀಲದ ವಿಷಯ ಇದಕ್ಕಿಂತ ಸರಳ, ಆದರೆ ಬೇರೆ ಬಗೆಯದು. ಡಿಎಪಿ ಚೀಲದ ಫೋಟೋ ಕಳಿಸಿ ಎಕರೆಗೆ ಎಷ್ಟು ಎಂದು ಕೇಳುತ್ತಾರೆ. ಚೀಲದ ಮೇಲೆ ಆ ಪ್ರಮಾಣ ಇರುವುದಿಲ್ಲ. 18-46-0 ಎಂದಿರುವುದು ನೂರು ಕೆ.ಜಿ.ಯಲ್ಲಿ 18 ಕೆ.ಜಿ. ಸಾರಜನಕ, 46 ಕೆ.ಜಿ. ರಂಜಕ ಇದೆ, ಪೊಟ್ಯಾಷ್ ಇಲ್ಲ ಎಂಬ ಖಾತರಿ ಮಾತ್ರ. ಅಂದರೆ 50 ಕೆ.ಜಿ.ಯ ಚೀಲದಲ್ಲಿ 9 ಕೆ.ಜಿ. ಸಾರಜನಕ, 23 ಕೆ.ಜಿ. ರಂಜಕ. ನಮ್ಮ ಭಾಗದ ಒಣಬೇಸಾಯದ ತೊಗರಿಗೆ ಶಿಫಾರಸು ಮಾಡಿರುವುದು ಹೆಕ್ಟೇರಿಗೆ 25 ಕೆ.ಜಿ. ಸಾರಜನಕ, 50 ಕೆ.ಜಿ. ರಂಜಕ, ಎಕರೆಗೆ 10 ಮತ್ತು 20 ಕೆ.ಜಿ. ಹೀಗಾಗಿ ಬಿತ್ತುವಾಗ ಎಕರೆಗೆ ಒಂದು ಚೀಲ ಡಿಎಪಿ ಹಾಕಿದರೆ ಹತ್ತಿರ ಹತ್ತಿರ ಸರಿಹೋಗುತ್ತದೆ. ಇದು ಶಿಫಾರಸಿನಿಂದ ಬಂದ ಲೆಕ್ಕ, ಚೀಲದಿಂದ ಬಂದದ್ದಲ್ಲ, ಮಣ್ಣು ಪರೀಕ್ಷೆಯ ಚೀಟಿ ಇದ್ದರೆ ಅದರಂತೆ ಬದಲಾಗುತ್ತದೆ ಎಂಬುದನ್ನು ಅನುವಾದದಲ್ಲಿ ಹೇಳಲೇಬೇಕು.

ಇಷ್ಟೆಲ್ಲ ಹೇಳಿದ ಮೇಲೆ ನನ್ನ ಕೋರಿಕೆಗಳನ್ನು ಮುಂದಿಡುತ್ತೇನೆ. ನನ್ನಂಥವರು ಒಬ್ಬೊಬ್ಬರ ಫೋನಿಗೆ ಒಂದೊಂದೇ ಫೋಟೋ ಬಿಡಿಸಿ ಕಳಿಸುವುದು ಭದ್ರವಾದ ವ್ಯವಸ್ಥೆಯಲ್ಲ. ನಾವು ಬರೆದದ್ದನ್ನು ಪರಿಶೀಲಿಸುವವರಿಲ್ಲ, ಒಬ್ಬರಿಗೆ ಬರೆದದ್ದನ್ನು ಇನ್ನೊಬ್ಬರು ಬೇರೆ ಬೆಳೆಗೆ ಬಳಸುವುದನ್ನು ತಡೆಯುವವರೂ ಇಲ್ಲ. ತೊಗರಿಯ ಕಾಯಿಕೊರಕಕ್ಕೆ ನಮ್ಮ ಜಿಲ್ಲೆಯಲ್ಲಿ ನಿಜವಾಗಿ ಹೆಚ್ಚು ಮಾರಾಟವಾಗುವ ಔಷಧಗಳು ಬೆರಳೆಣಿಕೆಯಷ್ಟೇ. ಆ ಕೆಲವಕ್ಕೆ ಮಾತ್ರ, ಒಂದು ಔಷಧಕ್ಕೆ ಒಂದು ಪುಟದಂತೆ, ದೊಡ್ಡ ಅಕ್ಷರದ ಕನ್ನಡ ಚೀಟಿಯನ್ನು ಇಲಾಖೆಯೇ ಸಿದ್ಧಪಡಿಸಬೇಕು. ಅದರಲ್ಲಿ ನೋಂದಾಯಿತ ಪ್ರಮಾಣವನ್ನು ಹೆಕ್ಟೇರಿಗೂ ಎಕರೆಗೂ ಬರೆಯಬೇಕು, ಎಕರೆಗೆ ಹನ್ನೆರಡು ಪಂಪಾದರೆ ಪಂಪಿಗೆ ಎಷ್ಟು, ಹತ್ತೊಂಬತ್ತು ಪಂಪಾದರೆ ಎಷ್ಟು ಎಂಬುದಿರಬೇಕು, ಹಸಿಕಾಯಿ ಕೀಳಬಾರದ ದಿನಗಳು ಪೂರ್ಣ ವಾಕ್ಯದಲ್ಲಿರಬೇಕು, ಪಕ್ಕದಲ್ಲಿ ಸಿಂಪಡಿಸಿದ ತಾರೀಕು ಬರೆದುಕೊಳ್ಳಲು ಜಾಗ ಬಿಡಬೇಕು. ಕಲಬುರಗಿಯ ಕೃಷಿ ಸಂಶೋಧನಾ ಕೇಂದ್ರದ ಕೀಟಶಾಸ್ತ್ರಜ್ಞರು ಅದನ್ನು ನೋಡಿ ಸಹಿ ಮಾಡಿದ ಮೇಲೆ ಹೋಬಳಿ ಮಟ್ಟದ ರೈತ ಸಂಪರ್ಕ ಕೇಂದ್ರಗಳಲ್ಲಿ ಇಡಬಹುದು. ಲೇಬಲ್ ಬದಲಾದರೆ ಚೀಟಿಯೂ ಬದಲಾಗಬೇಕಾದ್ದರಿಂದ ಅದರ ಮೇಲೆ ವರ್ಷವನ್ನು ಅಚ್ಚು ಹಾಕಿಸಬೇಕು.

ಮಾರಾಟಗಾರರಲ್ಲಿ ನನ್ನ ಬಿನ್ನಹ ಎರಡೇ. ಪೆಟ್ಟಿಗೆ ಬಿಚ್ಚಿ ಬಾಟಲಿಯನ್ನು ಬಿಡಿಯಾಗಿ ಕೊಡುವಾಗ ಕರಪತ್ರ ಅಂಗಡಿಯಲ್ಲೇ ಉಳಿದುಬಿಡುತ್ತದೆ, ಅದನ್ನು ಬಾಟಲಿಗೆ ಸುತ್ತಿ ಕೊಡಿ. ಬ್ಯಾಚ್ ನಂಬರ್ ಬರೆದ ಬಿಲ್ಲನ್ನು ತಪ್ಪದೆ ಕೊಡಿ, ಏಕೆಂದರೆ ಔಷಧ ಕೆಲಸ ಮಾಡದಿದ್ದಾಗ ಅದು ಕಳಪೆಯೋ, ಪ್ರಮಾಣ ತಪ್ಪಿದ್ದೋ ಎಂದು ಪತ್ತೆ ಮಾಡಲು ಕೀಟನಾಶಕ ಪರಿವೀಕ್ಷಕರಿಗೂ ಅದೇ ಬೇಕು.

ಚೀಟಿ ಬರುವ ತನಕ ಫೋಟೋ ಕಳಿಸುವುದು ನಿಲ್ಲುವುದಿಲ್ಲ, ನಿಲ್ಲಲೂಬಾರದು. ಆದ್ದರಿಂದ ಫೋಟೋ ತೆಗೆಯುವ ಅಣ್ಣ-ತಮ್ಮಂದಿರಿಗೆ, ಅಕ್ಕ-ತಂಗಿಯರಿಗೆ ಒಂದು ಮಾತು. ಕರಪತ್ರವನ್ನು ಪೂರ್ತಿ ಬಿಚ್ಚಿ ಚಪ್ಪಟೆಯಾದ ಹಲಗೆಯ ಮೇಲೆ ನಾಲ್ಕು ಕಲ್ಲಿಟ್ಟು ಹರಡಿ, ನೆರಳು ಬೀಳದಂತೆ, ಕೋಷ್ಟಕವನ್ನು ಅದರ ತಲೆಬರಹದ ಸಮೇತ ಒಂದೇ ಫೋಟೋದಲ್ಲಿ ತೆಗೆಯಿರಿ. ಬಾಟಲಿಯ ಬಣ್ಣದ ಗುರುತಿರುವ ಮುಖವನ್ನು ಇನ್ನೊಂದರಲ್ಲಿ, ಬ್ಯಾಚ್ ನಂಬರ್ ಮತ್ತು ಅವಧಿ ಮುಗಿಯುವ ತಾರೀಕನ್ನು ಮತ್ತೊಂದರಲ್ಲಿ ತೆಗೆಯಿರಿ. ಬೆಳೆ ಯಾವುದು, ಎಷ್ಟು ಎಕರೆ, ಎಕರೆಗೆ ಎಷ್ಟು ಪಂಪು ಹೊಡೆಯುತ್ತೀರಿ ಎಂಬುದನ್ನು ಜೊತೆಗೆ ಬರೆಯಿರಿ. ಬಾಟಲಿಯ ಮುಚ್ಚಳ ತೆಗೆಯುವ ಮೊದಲೇ ಇದನ್ನು ಮಾಡಿ. ಔಷಧ ಮುಟ್ಟಿದ ಕೈಯಿಂದ ಫೋನ್ ಹಿಡಿದರೆ ಅದೇ ಫೋನ್ ಸಂಜೆ ಮಗುವಿನ ಕೈಗೆ ಹೋಗುತ್ತದೆ.

ಮಾನ್ಯ ನಿರ್ದೇಶಕರೇ, ತೊಗರಿಗೆ ಮೊದಲ ಸಿಂಪರಣೆ ಅಕ್ಟೋಬರ್‌ನಲ್ಲಿ ಆರಂಭವಾಗುತ್ತದೆ. ಅದಕ್ಕೂ ಮೊದಲು, ಸೆಪ್ಟೆಂಬರ್ ಮುಗಿಯುವುದರೊಳಗೆ, ಮೊದಲ ಎರಡು ಮೂರು ಔಷಧಗಳ ಚೀಟಿಗಳಾದರೂ ಆಳಂದ, ಅಫಜಲಪುರ, ಚಿತ್ತಾಪುರ, ಸೇಡಂ, ಚಿಂಚೋಳಿ ತಾಲ್ಲೂಕುಗಳ ರೈತ ಸಂಪರ್ಕ ಕೇಂದ್ರಗಳಿಗೆ ತಲುಪುವಂತೆ ಮಾಡಬೇಕೆಂದು ಕೋರುತ್ತೇನೆ. ನಾನು ಈವರೆಗೆ ಮಾಡಿದ ಅನುವಾದಗಳನ್ನು, ಅವುಗಳ ಮೂಲ ಫೋಟೋಗಳ ಸಮೇತ, ಪರಿಶೀಲನೆಗಾಗಿ ತಮ್ಮ ಕಚೇರಿಗೆ ತಂದೊಪ್ಪಿಸಲು ಸಿದ್ಧಳಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ಆಳಂದ ತಾಲ್ಲೂಕಿನ ಒಬ್ಬ ತೊಗರಿ ಬೆಳೆಗಾರ್ತಿ